ಏಜೆನ್ಸಿ ಹಿಡಿಯುವ ಮುನ್ನ ಕೇಳಬೇಕಾದ ಲೆಕ್ಕ

ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗದಲ್ಲಿ ಒಟ್ಟು ಆರು ಮಳಿಗೆಗಳಿರುವ ಒಂದು ಜವಳಿ ಅಂಗಡಿ ಎಂದಿಟ್ಟುಕೊಳ್ಳಿ. ಅದು ಸ್ವಂತ ವೆಬ್‌ಸೈಟಿನಲ್ಲೂ ಸೀರೆ ಮಾರುತ್ತದೆ. ಗೂಗಲ್, ಇನ್‌ಸ್ಟಾಗ್ರಾಂ ಜಾಹೀರಾತು ನೋಡಿಕೊಳ್ಳಲು ಒಂದು ಏಜೆನ್ಸಿ ಬೇಕಾಗಿದೆ. ಬರೀ ಕೊಟೇಶನ್ ಕೇಳಿದರೆ ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ದರ ಹೇಳುತ್ತಾರೆ, ಯಾವುದನ್ನು ಯಾವುದಕ್ಕೆ ಹೋಲಿಸುವುದೋ ತಿಳಿಯುವುದಿಲ್ಲ. ಆರ್‌ಎಫ್‌ಪಿ, ಅಂದರೆ ಪ್ರಸ್ತಾವನೆ ಕೋರುವ ಪತ್ರ, ಇರುವುದೇ ಇದಕ್ಕೆ: ಎಲ್ಲರಿಗೂ ಅವೇ ಪ್ರಶ್ನೆ, ಉತ್ತರಕ್ಕೆ ಒಂದೇ ನಮೂನೆ.

ಅಂಗಡಿ ತಿಂಗಳಿಗೆ 6 ಲಕ್ಷ ರೂಪಾಯಿ ಜಾಹೀರಾತಿಗೆ ಇಟ್ಟಿದೆ. ಒಂದು ಏಜೆನ್ಸಿ ಅದರ ಮೇಲೆ ಶೇ 15 ಕೇಳುತ್ತದೆ, 90 ಸಾವಿರವಾಯಿತು. ಇನ್ನೊಂದು ಎಲ್ಲ ಸೇರಿ 1.25 ಲಕ್ಷ ಎನ್ನುತ್ತದೆ. ಮೊದಲನೆಯದೇ ಅಗ್ಗ ಅನ್ನಿಸುತ್ತದೆ. ಆದರೆ ಅದು ವಿಡಿಯೊ ಒಂದಕ್ಕೆ 6 ಸಾವಿರ ಬೇರೆ ತೆಗೆದುಕೊಂಡರೆ ಎಂಟು ವಿಡಿಯೊಗೆ 48 ಸಾವಿರ ಸೇರಿ 1.38 ಲಕ್ಷವಾಗುತ್ತದೆ. ದೀಪಾವಳಿ ತಿಂಗಳಲ್ಲಿ ಜಾಹೀರಾತು 20 ಲಕ್ಷಕ್ಕೆ ಏರಿದರೆ ಕಮಿಷನ್ ಒಂದೇ 3 ಲಕ್ಷ. ಹಾಗಾಗಿ ಸಾಧಾರಣ ತಿಂಗಳಿಗೂ ಹಬ್ಬದ ತಿಂಗಳಿಗೂ ಬೇರೆ ಬೇರೆ ದರಪಟ್ಟಿ ಕೇಳಬೇಕು. ಜಿಎಸ್‌ಟಿ ಸೇರಿದೆಯೇ, ಇಲ್ಲವೇ ಎಂಬುದೂ ಅದರಲ್ಲೇ ಬರಲಿ.

ಹೆಚ್ಚು ಮೋಸ ಹೋಗುವುದು ಫಲಿತಾಂಶದ ಲೆಕ್ಕದಲ್ಲಿ. ‘1 ಲಕ್ಷ ಹಾಕಿಸಿ 8 ಲಕ್ಷದ ವ್ಯಾಪಾರ ತಂದೆವು’ ಎಂದು ಏಜೆನ್ಸಿ ತನ್ನ ಹಳೆಯ ಕೆಲಸ ತೋರಿಸುತ್ತದೆ. ಬಿಡಿಸಿ ನೋಡಿದರೆ, ಅದರಲ್ಲಿ 5 ಲಕ್ಷ ಬಂದದ್ದು ಅಂಗಡಿಯ ಹೆಸರನ್ನೇ ಟೈಪ್ ಮಾಡಿ ಹುಡುಕಿದವರಿಂದ ಇರಬಹುದು; ಅದಕ್ಕೆ ತಗುಲಿದ್ದು 10 ಸಾವಿರ ಮಾತ್ರ. ಅವರಲ್ಲಿ ಬಹಳಷ್ಟು ಜನ ಜಾಹೀರಾತು ಇಲ್ಲದಿದ್ದರೂ ಬರುತ್ತಿದ್ದರು. ಉಳಿದ 90 ಸಾವಿರ ತಂದದ್ದು 3 ಲಕ್ಷ, ಅಂದರೆ ಎಂಟು ಪಟ್ಟಲ್ಲ, ಮೂರು ಪಟ್ಟು ಚಿಲ್ಲರೆ. ಅಂಗಡಿ ಹೆಸರಿನ ಹುಡುಕಾಟದಿಂದ ಬಂದ ವ್ಯಾಪಾರವನ್ನು ಬೇರೆಯಾಗಿ ತೋರಿಸಿ ಎಂಬ ಒಂದು ಸಾಲು ಆರ್‌ಎಫ್‌ಪಿಯಲ್ಲಿದ್ದರೆ ಈ ಗುಟ್ಟು ಮೊದಲೇ ಹೊರಬೀಳುತ್ತದೆ. ವಾಪಸ್ ಬಂದ, ರದ್ದಾದ ಆರ್ಡರುಗಳನ್ನು ಕಳೆದೇ ಲೆಕ್ಕ ಕೊಡಬೇಕು ಎಂದೂ ಬರೆಯಿರಿ. ಇದಕ್ಕೆ ಹಾರಿಕೆಯ ಉತ್ತರ ಕೊಟ್ಟವರನ್ನು ನಾನಂತೂ ಪಟ್ಟಿಯಿಂದ ತೆಗೆಯುತ್ತೇನೆ.

ಇನ್ನೊಂದು ಷರತ್ತನ್ನು ಚೌಕಾಸಿಗೆ ಬಿಡಬಾರದು. ಗೂಗಲ್ ಆಡ್ಸ್, ಮೆಟಾ, ಅನಲಿಟಿಕ್ಸ್ ಖಾತೆಗಳು ಅಂಗಡಿಯ ಹೆಸರಿನಲ್ಲೇ ಇರಬೇಕು. ಏಜೆನ್ಸಿಗೆ ಕೆಲಸ ಮಾಡುವ ಅನುಮತಿಯಷ್ಟೇ ಸಾಕು. ಅವರ ಖಾತೆಯಲ್ಲೇ ಜಾಹೀರಾತು ನಡೆದರೆ, ಒಪ್ಪಂದ ಮುರಿದ ದಿನ ಯಾವ ಜಾಹೀರಾತಿಗೆ ಯಾರು ಕೊಂಡರು ಎಂಬ ಇತಿಹಾಸವೆಲ್ಲ ಅವರ ಹತ್ತಿರವೇ ಉಳಿಯುತ್ತದೆ, ಹೊಸಬರು ಸೊನ್ನೆಯಿಂದ ಶುರು ಮಾಡಬೇಕಾಗುತ್ತದೆ.

ಪತ್ರ ಕಳಿಸುವ ಮೊದಲು ನಿಮ್ಮ ಬಜೆಟ್ಟನ್ನೂ ಅದರಲ್ಲಿ ನಮೂದಿಸಿ. ಅದನ್ನು ಮುಚ್ಚಿಟ್ಟರೆ ಬರುವ ಪ್ರಸ್ತಾವನೆಗಳೆಲ್ಲ ಊಹೆಯ ಮೇಲೆ ನಿಂತಿರುತ್ತವೆ.