ಫೈಲು ಕರಗಬೇಕು, ಒತ್ತಕ್ಷರ ಉಳಿಯಬೇಕು

ಮುಂಬೈಯ ಫೋರ್ಟಿನಲ್ಲಿ ಹೈಕೋರ್ಟಿನ ಸುತ್ತಲಿನ ಗಲ್ಲಿಗಳಲ್ಲಿ ಝೆರಾಕ್ಸ್, ಟೈಪಿಂಗ್, ನೋಟರಿ ಅಂಗಡಿಗಳಿಗೆ ಕೊರತೆಯಿಲ್ಲ. ಕಳೆದ ಮಳೆಗಾಲದಲ್ಲಿ ಅಂಥದ್ದೊಂದು ಅಂಗಡಿಗೆ ಊರಿನ ಜಮೀನಿನ ವಿಭಾಗಪತ್ರ ಹಿಡಿದು ಹೋಗಿದ್ದೆ. ಜೊತೆಗಿದ್ದ ಆರ್‌ಟಿಸಿ, ತೀರ್ವೆ ರಸೀದಿ ಎಲ್ಲ ಸೇರಿ 64 ಪುಟ, ಹೆಚ್ಚಿನವು ಕನ್ನಡ ಟೈಪ್‌ರೈಟರಿನಲ್ಲಿ ಹೊಡೆದವು. ಬಣ್ಣದಲ್ಲಿ, 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಕೊಟ್ಟರು. ಫೈಲು 96 ಎಂಬಿ ಆಯಿತು. ವಕೀಲರ ಕಚೇರಿಗೆ ಮೇಲ್ ಮಾಡಬೇಕಾದರೆ 25 ಎಂಬಿ ಒಳಗಿರಬೇಕು ಎಂದಾಗ, ಅಂಗಡಿಯ ಹುಡುಗ ಯಾವುದೋ ಜಾಲತಾಣಕ್ಕೆ ಹಾಕಿ 6 ಎಂಬಿಗೆ ಇಳಿಸಿದ. ಮರುದಿನ ಬೆಳಿಗ್ಗೆ ವಕೀಲರ ಗುಮಾಸ್ತರ ಫೋನ್: "ಸರ್ವೆ ನಂಬರು 63ಓ 83ಓ, ಒಂದೂ ಗೊತ್ತಾಗುತ್ತಿಲ್ಲ ಮಾರಾಯ್ರೆ."

ಆ ಸಂಜೆ ಮೂಲ ಸ್ಕ್ಯಾನಿನಿಂದಲೇ ಮತ್ತೆ ಮಾಡಿದೆ. ಈ ಬಾರಿ 5 ಎಂಬಿಗೂ ಕಡಿಮೆ ಬಂತು, ಪ್ರತಿ ಅಂಕಿಯೂ ಸ್ಪಷ್ಟವಾಗಿತ್ತು. ಅಂಗಡಿಯವನದಕ್ಕಿಂತ ಚಿಕ್ಕ ಫೈಲು ಅವನದಕ್ಕಿಂತ ಚೆನ್ನಾಗಿ ಓದಲು ಬಂದದ್ದು ಹೇಗೆಂದು ಹೇಳಬೇಕಾದರೆ ಕೆಲವು ನಂಬಿಕೆಗಳನ್ನು ಬಿಚ್ಚಿ ನೋಡಬೇಕು.

ನಂಬಿಕೆ: ಗಾತ್ರ ಇಳಿಸಬೇಕಾದರೆ ಡಿಪಿಐ ಇಳಿಸಬೇಕು.

ಡಿಪಿಐ ಇಳಿಸಿದರೆ ಫೈಲು ಕುಗ್ಗುವುದು ನಿಜ. ಉದ್ದ, ಅಗಲ ಎರಡೂ ಅರ್ಧವಾಗುವುದರಿಂದ 300ರಿಂದ 150ಕ್ಕೆ ಬಂದರೆ ಚುಕ್ಕೆಗಳು ಕಾಲು ಭಾಗಕ್ಕೆ ಇಳಿಯುತ್ತವೆ. ಆದರೆ ಆ ಚುಕ್ಕೆಗಳಲ್ಲೇ ಅಕ್ಷರವಿದೆ. ಹತ್ತು ಪಾಯಿಂಟಿನ ಅಕ್ಷರಕ್ಕೆ 300 ಡಿಪಿಐನಲ್ಲಿ ಸುಮಾರು 42 ಚುಕ್ಕೆಗಳ ಎತ್ತರ ಸಿಗುತ್ತದೆ. 72 ಡಿಪಿಐನಲ್ಲಿ ಹತ್ತೇ ಹತ್ತು. ಇಂಗ್ಲಿಷ್ ಅಕ್ಷರ ಅಷ್ಟರಲ್ಲಿ ಹೇಗೋ ಬದುಕಿಕೊಳ್ಳುತ್ತದೆ. ಕನ್ನಡದಲ್ಲಿ ಅದೇ ಜಾಗದೊಳಗೆ ತಲೆಕಟ್ಟು, ಗುಣಿತದ ಕೊಂಬು, ಕೆಳಗೆ ಒತ್ತು ಎಲ್ಲವೂ ಹಿಡಿಯಬೇಕು. ಒತ್ತಿಗೆ ಮೂರು ಚುಕ್ಕೆ ಸಿಕ್ಕರೆ ಅದು ತ-ಒತ್ತೋ ನ-ಒತ್ತೋ ಯಾರಿಗೂ ತಿಳಿಯದು. ಬ ಮತ್ತು ಭ, ದ ಮತ್ತು ಧಗಳ ನಡುವಿನ ಸೀಳು ಎಲ್ಲಕ್ಕಿಂತ ಮೊದಲು ಅಳಿಯುತ್ತದೆ. ಹಳೆಯ ಪತ್ರಗಳಲ್ಲಿ ಕನ್ನಡ ಅಂಕಿಗಳಿದ್ದರೆ ೬ ಮತ್ತು ೯ ಒಂದರ ಹಾಗೆ ಇನ್ನೊಂದು ಕಾಣತೊಡಗುತ್ತದೆ.

ಅಂಗಡಿಯ ಫೈಲಿಗೆ ಆದದ್ದೂ ಇದೇ. ಘೋಸ್ಟ್‌ಸ್ಕ್ರಿಪ್ಟ್ ಎಂಬ ಉಚಿತ ತಂತ್ರಾಂಶದಲ್ಲಿ `/screen` ಎಂಬ ಆಯ್ಕೆ ಬಣ್ಣದ ಚಿತ್ರಗಳನ್ನು 72 ಡಿಪಿಐಗೆ ಇಳಿಸುತ್ತದೆ, `/ebook` 150ಕ್ಕೆ. "ಹೆಚ್ಚು ಕುಗ್ಗಿಸು" ಎಂಬ ಗುಂಡಿ ಒತ್ತಿದಾಗ ಸಾಮಾನ್ಯವಾಗಿ ನಡೆಯುವುದು ಈ ಜಾತಿಯ ಕೆಲಸವೇ. ಒಮ್ಮೆ ಇಳಿದ ಚುಕ್ಕೆಗಳು ಡಿಪಿಐಯನ್ನು ಮತ್ತೆ 300 ಎಂದು ಬರೆದ ಮಾತ್ರಕ್ಕೆ ವಾಪಸಾಗುವುದಿಲ್ಲ. ಸುಪ್ರೀಂ ಕೋರ್ಟಿನ ಇ-ಸಮಿತಿಯ ಮಾದರಿ ಇ-ಫೈಲಿಂಗ್ ನಿಯಮಗಳು ಸ್ಕ್ಯಾನಿಗೆ 300 ಡಿಪಿಐ ಕೇಳುವುದರಿಂದ, ಕೋರ್ಟಿಗೆ ಹೋಗುವ ಪ್ರತಿಯಲ್ಲಿ ಈ ದಾರಿ ಮೊದಲೇ ಮುಚ್ಚಿದೆ.

ಹಾಗಾದರೆ ಇಳಿಸಬೇಕಾದದ್ದು ಯಾವುದನ್ನು? ಬಣ್ಣವನ್ನು. 300 ಡಿಪಿಐನ ಎ4 ಪುಟದಲ್ಲಿ ಸುಮಾರು 87 ಲಕ್ಷ ಚುಕ್ಕೆಗಳಿರುತ್ತವೆ. ಬಣ್ಣದಲ್ಲಿ ಪ್ರತಿ ಚುಕ್ಕೆಗೆ 24 ಬಿಟ್ ಬೇಕು, ಅಂದರೆ ಕುಗ್ಗಿಸುವ ಮೊದಲು ಪುಟಕ್ಕೆ 26 ಎಂಬಿ. ಬರೀ ಕಪ್ಪು-ಬಿಳುಪಾದರೆ ಚುಕ್ಕೆಗೊಂದೇ ಬಿಟ್ ಸಾಕು, ಪುಟಕ್ಕೆ 1 ಎಂಬಿ ಚಿಲ್ಲರೆ. ಅದನ್ನು ಫ್ಯಾಕ್ಸ್ ಕಾಲದ ಸಿಸಿಐಟಿಟಿ ಗ್ರೂಪ್ 4 ವಿಧಾನದಲ್ಲಿ ಒತ್ತಿದರೆ ನನ್ನ ಟೈಪಾದ ಪುಟಗಳು ತಲಾ 50 ಕೆಬಿ ಆಸುಪಾಸಿಗೆ ಬಂದವು, ಒಂದು ಚುಕ್ಕೆಯೂ ಕಳೆಯದೆ. ಜೆಪೆಗ್ ಇದಕ್ಕೆ ವಿರುದ್ಧ. ಅದು ಫೋಟೋದ ಮೆಲುವಾದ ಛಾಯೆಗಳಿಗೆಂದು ಹುಟ್ಟಿದ್ದು. ಅಕ್ಷರದ ಚೂಪಾದ ಅಂಚಿನ ಸುತ್ತ ಬೂದಿಯಂಥ ಕಲೆ ಎಬ್ಬಿಸುತ್ತದೆ, ಪ್ರತಿ ಬಾರಿ ಹೊಸದಾಗಿ ಒತ್ತಿ ಉಳಿಸಿದಾಗ ಆ ಕಲೆ ಕೂಡುತ್ತಾ ಹೋಗುತ್ತದೆ. ಆದ್ದರಿಂದಲೇ ಅಂಗಡಿಯ 6 ಎಂಬಿಯನ್ನು ತಿದ್ದಲು ಹೋಗದೆ 96 ಎಂಬಿಯ ಮೂಲಕ್ಕೆ ಮರಳಿದ್ದು.

ನಿಮ್ಮ ಫೈಲಿನಲ್ಲಿ ಏನಿದೆಯೆಂದು ಊಹಿಸಬೇಕಿಲ್ಲ. ಪಾಪ್ಲರ್ ಎಂಬ ಉಚಿತ ತಂತ್ರಾಂಶದ ಈ ಆದೇಶ ಪ್ರತಿ ಪುಟದ ಬಣ್ಣ, ಡಿಪಿಐ, ಒತ್ತುವ ವಿಧಾನ, ಗಾತ್ರಗಳನ್ನು ಸಾಲಾಗಿ ತೋರಿಸುತ್ತದೆ:

```
pdfimages -list patra.pdf
```

ನಂಬಿಕೆ: ಹಾಗಾದರೆ ಎಲ್ಲವನ್ನೂ ಕಪ್ಪು-ಬಿಳುಪು ಮಾಡಿದರಾಯಿತು.

ಇಲ್ಲ. 64ರಲ್ಲಿ ಆರು ಪುಟಗಳು ಛಾಪಾ ಕಾಗದ, ನೇರಳೆ ಮೊಹರು, ನೀಲಿ ಶಾಯಿಯ ಸಹಿ ಇದ್ದವು. ಕಪ್ಪು-ಬಿಳುಪಿನಲ್ಲಿ ಮಾಸಿದ ಮೊಹರು ಒಂದೋ ಪೂರಾ ಮಾಯವಾಗುತ್ತದೆ, ಇಲ್ಲವೇ ಕೆಳಗಿನ ಅಕ್ಷರವನ್ನು ಮಸಿಯಂತೆ ನುಂಗುತ್ತದೆ. ಇವನ್ನು ಬಣ್ಣದಲ್ಲೇ ಬಿಟ್ಟು, ಮೇಲ್ ಪ್ರತಿಗೆ ಮಾತ್ರ 200 ಡಿಪಿಐಗೆ ಇಳಿಸಿದೆ. ತಲಾ 300 ಕೆಬಿ ಆಯಿತು. 58 ಪುಟ ಸುಮಾರು 2.9 ಎಂಬಿ, ಆರು ಪುಟ 1.8 ಎಂಬಿ. ಕೋರ್ಟಿನ ಪ್ರತಿಯಲ್ಲಿ ಆ ಆರನ್ನೂ 300ರಲ್ಲೇ ಇಟ್ಟೆ, ಆಗಲೂ 8 ಎಂಬಿ ದಾಟಲಿಲ್ಲ.

ನಂಬಿಕೆ: ಕಣ್ಣಿಗೆ ಸ್ಪಷ್ಟವಾಗಿ ಕಂಡರೆ ಅಂಕಿ ಸರಿಯಿದೆ ಎಂದರ್ಥ.

ನನಗೆ ಎಲ್ಲಕ್ಕಿಂತ ಭಯ ಹುಟ್ಟಿಸುವುದು ಈ ನಂಬಿಕೆ. 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ಒಂದು ಕಟ್ಟಡದ ನಕ್ಷೆಯನ್ನು ಝೆರಾಕ್ಸ್ ಕಂಪನಿಯ ಯಂತ್ರದಲ್ಲಿ ಸ್ಕ್ಯಾನ್ ಮಾಡಿದಾಗ 21.11 ಚದರ ಮೀಟರಿನ ಕೋಣೆ 14.13 ಎಂದು ಬಂತು. ಮಸುಕಿಲ್ಲ, ಕಲೆಯಿಲ್ಲ, ಅಚ್ಚುಕಟ್ಟಾದ ತಪ್ಪು. ಕಾರಣ ಜೆಬಿಗ್2 ಎಂಬ ವಿಧಾನ. ಅದು ಪುಟದಲ್ಲಿ ಒಂದೇ ತರಹ ಕಾಣುವ ಆಕಾರಗಳನ್ನು ಗುಂಪು ಮಾಡಿ, ಒಂದನ್ನಷ್ಟೇ ಉಳಿಸಿಕೊಂಡು ಉಳಿದೆಡೆಗೆಲ್ಲ ಅದನ್ನೇ ಅಂಟಿಸುತ್ತದೆ. ಸಡಿಲವಾಗಿ ಹೋಲಿಸಿದರೆ 6ರ ಜಾಗಕ್ಕೆ 8 ಬಂದು ಕೂರುತ್ತದೆ. ಸಣ್ಣ ಸೀಳು, ಸಣ್ಣ ಕೊಂಡಿಗಳಿಂದಲೇ ಬೇರೆಯಾಗುವ ನಮ್ಮ ಅಕ್ಷರಗಳ ಪತ್ರದಲ್ಲಿ ಇದು ಸರ್ವೆ ನಂಬರನ್ನೂ ಸೆಂಟ್ಸನ್ನೂ ಬದಲಿಸಬಲ್ಲದು, ನೋಡಿದವರಿಗೆ ಸಂಶಯವೇ ಬಾರದಂತೆ. ಇದೇ ಜೆಬಿಗ್2ಕ್ಕೆ ಏನನ್ನೂ ಕಳೆಯದ ಬಗೆಯೂ ಇದೆ, ಅದರಿಂದ ತೊಂದರೆಯಿಲ್ಲ. ಯಾವುದು ನಡೆಯುತ್ತಿದೆಯೆಂದು ತಿಳಿಯದಿದ್ದರೆ ಗ್ರೂಪ್ 4ಕ್ಕೇ ನಿಲ್ಲಿ. ಫೈಲು ತುಸು ದೊಡ್ಡದಾದರೂ ಅಕ್ಷರ ಅದಲುಬದಲಾಗುವುದಿಲ್ಲ.

ನಂಬಿಕೆ: ಪಠ್ಯ ಸೇರಿಸಿದರೆ ಫೈಲು ಉಬ್ಬುತ್ತದೆ.

ಒಸಿಆರ್ ಮಾಡಿದಾಗ ಚಿತ್ರದ ಮೇಲೆ ಕಾಣದ ಅಕ್ಷರಗಳ ಪದರವೊಂದು ಕೂರುತ್ತದೆ. ಹುಡುಕಲು, ನಕಲು ಮಾಡಲು ಬಳಕೆಯಾಗುವುದು ಅದು. ಪುಟಕ್ಕೆ ಕೆಲವೇ ಕೆಬಿ ತೂಕ. ಅದನ್ನು ಸೇರಿಸುವ ಆದೇಶ ಇದು:

```
ocrmypdf -l kan+eng --output-type pdf patra.pdf patra-ocr.pdf
```

ಓದಿಸುವುದು ಮೊದಲು, ಕುಗ್ಗಿಸುವುದು ಆಮೇಲೆ. 72 ಡಿಪಿಐನಲ್ಲಿ ಮನುಷ್ಯನಿಗೆ ಕಾಣದ ಒತ್ತು ಯಂತ್ರಕ್ಕೂ ಕಾಣದು. ಪದರದ ಅಕ್ಷರಗಳು ಪುಟದ ಅಳತೆಗೆ ಅಂಟಿಕೊಂಡಿರುವುದರಿಂದ ಹಿಂದಿನ ಚಿತ್ರವನ್ನು ಮಾತ್ರ ಇಳಿಸಿದರೆ ಅವು ಜಾಗ ಬಿಟ್ಟು ಕದಲುವುದಿಲ್ಲ. ಆದರೆ ಪದರ ಇದೆ ಎಂದು ಚಿತ್ರವನ್ನೇ ಕಿತ್ತುಹಾಕುವವರನ್ನು ಕಂಡಿದ್ದೇನೆ. ಅದು ಸಲ್ಲದು, ಏಕೆಂದರೆ ಪದರದಲ್ಲಿ ತಪ್ಪು ಓದುಗಳು ಇದ್ದೇ ಇರುತ್ತವೆ. ಸಾಕ್ಷಿಗಳ ಕೈಬರಹದ ಒಕ್ಕಣೆಯನ್ನಂತೂ ಈ ಆದೇಶದ ಹಿಂದೆ ಓದುವ ಕೆಲಸ ಮಾಡುವ ಟೆಸೆರಾಕ್ಟ್ ಓದಲಾರದು. ನನ್ನ ಫೈಲಿನಲ್ಲಿ ಅಲ್ಲೆಲ್ಲ ಅರ್ಥವಿಲ್ಲದ ಅಕ್ಷರಗಳ ರಾಶಿ ಬಂದಿತ್ತು.

ಕಳಿಸುವ ಮೊದಲು ಫೈಲಿನಲ್ಲಿ ಊರಿನ ಹೆಸರನ್ನು ಹುಡುಕಿದೆ. ಟೈಪಾದ ಪುಟಗಳಲ್ಲಿ ಸಿಕ್ಕಿತು. ಆಮೇಲೆ ಮೂಲ ಕಾಗದಗಳನ್ನು ಮೇಜಿನ ಮೇಲೆ ಹರಡಿಕೊಂಡು, ತೆರೆಯನ್ನು ನಾಲ್ಕು ಪಟ್ಟು ಹಿಗ್ಗಿಸಿ, ಜಮೀನಿನ ತಪಸೀಲಿನ ಪ್ರತಿ ಅಂಕಿಯನ್ನೂ ಬೆರಳಿಟ್ಟು ತಾಳೆ ನೋಡಿದೆ. ಸರ್ವೆ ನಂಬರು 63 ಆಗಿತ್ತು.