ಕಪ್ಪೆಂದರೆ ಸೊನ್ನೆ, ಬಿಳಿಯೆಂದರೆ ಪೂರ್ತಿ

ಜಗಲಿಯ ನೆರಳಿನಲ್ಲಿ ಕೂತ ಅಜ್ಜಿಯ ಫೋಟೋ ಒಂದಿದೆ ಎಂದುಕೊಳ್ಳಿ. ಅವರ ಹಿಂದೆ ಮಧ್ಯಾಹ್ನದ ಬಿಸಿಲು ಸುರಿಯುತ್ತಿರುವ ಅಂಗಳ. ಕ್ಯಾಮೆರಾ ಅಂಗಳದ ಬೆಳಕಿಗೆ ಹೊಂದಿಕೊಂಡಿದ್ದರಿಂದ ಮುಖ ಕಪ್ಪಿಟ್ಟಿದೆ. ಫೋಟೋಶಾಪ್‌ನಲ್ಲಿ ಕರ್ವ್ಸ್‌ನ ಗೆರೆಯನ್ನು ಮೇಲಕ್ಕೆಳೆದರೆ ಮುಖವೇನೋ ತಿಳಿಯಾಗುತ್ತದೆ, ಆದರೆ ಅಷ್ಟರಲ್ಲಿ ಅಂಗಳ ಬೆಳ್ಳಗೆ ಬಿಳುಚಿ ಹೋಗಿರುತ್ತದೆ. ನಮಗೆ ಬೇಕಿರುವುದು ಮುಖದ ಮೇಲಷ್ಟೇ ಬೆಳಕು. ಲೇಯರ್ ಮಾಸ್ಕ್ ಇರುವುದು ಇದಕ್ಕೇ.

ಕರ್ವ್ಸ್ ಅನ್ನು ಅಡ್ಜಸ್ಟ್‌ಮೆಂಟ್ ಲೇಯರ್ ಆಗಿ ಸೇರಿಸಿದರೆ ಅದು ಮೂಲ ಫೋಟೋವನ್ನು ಮುಟ್ಟುವುದಿಲ್ಲ. ಮೇಲೊಂದು ಪದರವಾಗಿ ಕೂರುತ್ತದೆ. ಲೇಯರ್ಸ್ ಪಟ್ಟಿಯಲ್ಲಿ ಅದರ ಪಕ್ಕಕ್ಕೆ ಬಿಳಿಯ ಪುಟ್ಟ ಚೌಕವೊಂದು ಕಾಣುತ್ತದೆ. ಮಾಸ್ಕ್ ಅದೇ. ಫೋಟೋ ಎಷ್ಟು ದೊಡ್ಡದೋ ಅದೂ ಅಷ್ಟೇ ದೊಡ್ಡದು, ಆದರೆ ಅದರಲ್ಲಿ ಬಣ್ಣಗಳಿಲ್ಲ. ಕಪ್ಪು, ಬಿಳಿ, ನಡುವಿನ ಬೂದು ಛಾಯೆಗಳು ಮಾತ್ರ.

ಹೊಸಬರು ತಬ್ಬಿಬ್ಬಾಗುವುದು ಇಲ್ಲಿ. ಕಪ್ಪು ಬಳಿದರೆ ಫೋಟೋ ಏಕೆ ಕಪ್ಪಾಗುವುದಿಲ್ಲ? ಏಕೆಂದರೆ ಮಾಸ್ಕ್‌ನಲ್ಲಿರುವ ಕಪ್ಪು, ಬಿಳಿಗಳು ನೋಡುವುದಕ್ಕಿರುವ ಬಣ್ಣಗಳಲ್ಲ, ಲೆಕ್ಕಕ್ಕಿರುವ ಅಂಕಿಗಳು. ಸಾಮಾನ್ಯ 8 ಬಿಟ್ ಚಿತ್ರದಲ್ಲಿ ಕಪ್ಪು ಎಂದರೆ 0, ಬಿಳಿ ಎಂದರೆ 255. ಪ್ರತಿಯೊಂದು ಪಿಕ್ಸೆಲ್‌ನಲ್ಲೂ ತಂತ್ರಾಂಶ ಕೇಳುವುದು ಒಂದೇ ಪ್ರಶ್ನೆ: ಮೇಲಿನ ಪದರದಿಂದ ಎಷ್ಟು ಪಾಲು ತೆಗೆದುಕೊಳ್ಳಲಿ? 255 ಇದ್ದರೆ ಪೂರ್ತಿ, 0 ಇದ್ದರೆ ಏನೂ ಇಲ್ಲ. ಮೇಲಿನದನ್ನು ಬಿಟ್ಟಷ್ಟು ಪಾಲನ್ನು ಕೆಳಗಿನ ಪದರ ತುಂಬಿಕೊಡುತ್ತದೆ.

ಅಜ್ಜಿಯ ಕೆನ್ನೆಯ ಒಂದು ಪಿಕ್ಸೆಲ್ ಹಿಡಿದು ನೋಡೋಣ. ಮೂಲ ಫೋಟೋದಲ್ಲಿ ಅದರ ಹೊಳಪು 80, ಕರ್ವ್ಸ್ ಅದನ್ನು 140ಕ್ಕೆ ಏರಿಸಿದೆ. ಮಾಸ್ಕ್ ಅಲ್ಲಿ ಬಿಳಿಯಾಗಿದ್ದರೆ ಪರದೆಯ ಮೇಲೆ ಕಾಣುವುದು 140, ಕಪ್ಪಾಗಿದ್ದರೆ ಹಳೆಯ 80. ನಡುಬೂದು, ಅಂದರೆ ಸುಮಾರು 128 ಇದ್ದರೆ, ಎರಡರಿಂದಲೂ ಅರ್ಧರ್ಧ ಸೇರಿ 110 ಆಸುಪಾಸು. ಕಪ್ಪು ಬಳಿದಾಗ ಅಳಿಸಿದಂತೆ ಕಂಡರೂ ಏನೂ ಅಳಿಸಿರುವುದಿಲ್ಲ. 80, 140 ಎರಡೂ ಇದ್ದಲ್ಲೇ ಇವೆ. ಬದಲಾದದ್ದು ಬೆರಕೆಯ ಪಾಲು ಮಾತ್ರ. ಅದಕ್ಕೇ ಮತ್ತೆ ಬಿಳಿ ಬಳಿದ ಕೂಡಲೇ ತಿದ್ದುಪಡಿ ಹಾಗ್ಹಾಗೇ ಮರಳಿ ಬರುತ್ತದೆ. ರಬ್ಬರ್‌ನಿಂದ ಅಳಿಸಿ ಉಳಿಸಿದ ಚಿತ್ರಕ್ಕೆ ಈ ಭಾಗ್ಯವಿಲ್ಲ.

ಪಿಕ್ಸೆಲ್‌ನ ಬಣ್ಣದ ಜೊತೆಗೇ ಈ ಪಾಲಿನ ಅಂಕಿಯನ್ನೂ ಇಟ್ಟುಕೊಳ್ಳುವ ಉಪಾಯವನ್ನು 1970ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಎಡ್ ಕ್ಯಾಟ್ಮಲ್ ಮತ್ತು ಆಲ್ವಿ ರೇ ಸ್ಮಿತ್ ರೂಪಿಸಿದರು. ಫೋಟೋಶಾಪ್‌ಗೆ ಲೇಯರ್‌ಗಳು ಬಂದದ್ದು 1994ರ 3.0 ಆವೃತ್ತಿಯಲ್ಲಿ.

ಈಗ ಕೆಲಸಕ್ಕಿಳಿಯೋಣ. ಮಾಸ್ಕ್ ಪೂರ್ತಿ ಬಿಳಿ ಇರುವುದರಿಂದ ಬೆಳಕು ಎಲ್ಲೆಡೆ ಹರಡಿದೆ. ಮಾಸ್ಕ್ ಮೇಲೆ ಕ್ಲಿಕ್ ಮಾಡಿ Ctrl+I ಒತ್ತಿದರೆ ಅದು ಕಪ್ಪಾಗಿ, ಫೋಟೋ ಮೊದಲಿನಂತಾಗುತ್ತದೆ. ಅಂಚು ಮೆದುವಾದ ಬ್ರಷ್ ತೆಗೆದುಕೊಂಡು, Flow ಅನ್ನು 20ರಷ್ಟಕ್ಕೆ ಇಳಿಸಿ, ಮುಖದ ಮೇಲೆ ಬಿಳಿ ಬಳಿಯಿರಿ. ಒಂದೊಂದು ಸವರಿಗೂ ಮುಖ ಸ್ವಲ್ಪ ಸ್ವಲ್ಪವೇ ಬೆಳಗುತ್ತದೆ. ಕೈ ಜಾರಿ ಬೆಳಕು ಅಂಗಳಕ್ಕೆ ಚೆಲ್ಲಿತೇ? X ಒತ್ತಿ ಕಪ್ಪಿಗೆ ಬದಲಿಸಿಕೊಂಡು ಅಲ್ಲಿ ಸವರಿದರಾಯಿತು.

ನಿಜವಾದ ಕಷ್ಟ ಇರುವುದು ಅಂಚಿನಲ್ಲಿ. ಬಿಳಿ ತಲೆಗೂದಲಿನಾಚೆಗೂ ಹರಡಿದರೆ ತಲೆಯ ಸುತ್ತ ಪ್ರಭಾವಳಿಯಂತೆ ಬೆಳಕು ಕಾಣುತ್ತದೆ. ತಿದ್ದಿದ ಫೋಟೋ ಸಿಕ್ಕಿಬೀಳುವುದು ಹೆಚ್ಚಾಗಿ ಇದರಿಂದಲೇ. Alt ಹಿಡಿದು ಮಾಸ್ಕ್ ಚೌಕದ ಮೇಲೆ ಕ್ಲಿಕ್ ಮಾಡಿದರೆ ಬರಿಯ ಮಾಸ್ಕ್ ಪರದೆ ತುಂಬ ಬರುತ್ತದೆ. ಫೋಟೋದಲ್ಲಿ ಕಣ್ಣಿಗೆ ಬೀಳದ ಚೆಲ್ಲಿದ ಕಲೆ, ಕೆನ್ನೆಯಲ್ಲಿ ಬಿಟ್ಟುಹೋದ ತೇಪೆ ಅಲ್ಲಿ ಎದ್ದು ಕಾಣುತ್ತವೆ. ಇಷ್ಟಾದರೂ ಮಾಸ್ಕ್ ಹೇಳುವುದು ಎಲ್ಲಿ, ಎಷ್ಟು ಎಂಬುದನ್ನು ಮಾತ್ರ. ನೆರಳಿನಲ್ಲಿ ವಿವರವೇ ದಾಖಲಾಗಿರದಿದ್ದರೆ, ಮುಖ ಬೆಳಗಿಸಿದಾಗ ಸಿಗುವುದು ಮರಳಿನಂಥ ನಾಯ್ಸ್ ಅಷ್ಟೇ.

ಉಚಿತವಾಗಿ ಸಿಗುವ ಜಿಂಪ್‌ನಲ್ಲಿಯೂ ಲೆಕ್ಕ ಇದೇ. ಲೇಯರ್‌ನ ನಕಲು ತೆಗೆದು, ನಕಲನ್ನು ಬೆಳಗಿಸಿ, ಅದಕ್ಕೆ ಕಪ್ಪು ಮಾಸ್ಕ್ ಸೇರಿಸಿ ಬಿಳಿ ಬಳಿಯಬಹುದು. ಹೀಗೆ ಚಿತ್ರವಿರುವ ಲೇಯರ್‌ಗೆ ಮಾಸ್ಕ್ ಹಾಕಿದಾಗ ಪಟ್ಟಿಯಲ್ಲಿ ಎರಡು ಚೌಕಗಳಿರುತ್ತವೆ: ಒಂದು ಚಿತ್ರದ್ದು, ಒಂದು ಮಾಸ್ಕ್‌ನದು. ಬಳಿದ ಬಿಳಿ ಬಣ್ಣ ಮುಖಕ್ಕೇ ಮೆತ್ತಿದಂತೆ ಕಂಡರೆ ನೀವು ಚಿತ್ರದ ಚೌಕದಲ್ಲಿದ್ದೀರಿ ಎಂದರ್ಥ. ಒಂದು ಹೆಜ್ಜೆ ಹಿಂದೆ ಹೋಗಿ, ಮಾಸ್ಕ್ ಚೌಕದ ಮೇಲೆ ಕ್ಲಿಕ್ ಮಾಡಿ ಮುಂದುವರಿಯಿರಿ.

ಕೆಲಸ ಮುಗಿದ ಮೇಲೆ ಫೈಲನ್ನು ಫೋಟೋಶಾಪ್‌ನಲ್ಲಾದರೆ PSD, ಜಿಂಪ್‌ನಲ್ಲಾದರೆ XCF ರೂಪದಲ್ಲಿ ಉಳಿಸಿಕೊಳ್ಳಿ. JPEGನಲ್ಲಿ ಲೇಯರೂ ಉಳಿಯುವುದಿಲ್ಲ, ಮಾಸ್ಕೂ ಉಳಿಯುವುದಿಲ್ಲ.