ಪರೀಕ್ಷೆ ಬಂದ್ರ ಕೌಂಟರ್ ಯಾಕ ಖಾಲಿ ಆಗ್ತದ?

ಮಹಾಲಿಂಗಪುರದ ಬಜಾರಿನ ಅಂಗಡಿಗಳಲ್ಲಿ ಸಂಜೆ ಕೌಂಟರ್ ಹಿಂದೆ ನಿಲ್ಲುವವರಲ್ಲಿ ಡಿಗ್ರಿ, ಡಿಪ್ಲೊಮಾ ಓದುವ ಹುಡುಗ-ಹುಡುಗಿಯರು ಇರ್ತಾರೆ. ಪರೀಕ್ಷೆ ಬಂತೆಂದರೆ ಸಾಹುಕಾರರ ದೂರು ಒಂದೇ: ‘ಹೇಳದೆ ಕೇಳದೆ ಬಿಟ್ಟು ಹೋಗ್ತಾರ್ರಿ.’ ನಾನು ಇಲ್ಲಿ ಒಂದು ಬಟ್ಟೆ ಅಂಗಡಿಯ ಲೆಕ್ಕ ಮತ್ತು ಕೆಲಸದ ಪಾಳಿ ಎರಡನ್ನೂ ನೋಡಿಕೊಳ್ಳುತ್ತೇನೆ. ನನ್ನ ಪ್ರಕಾರ ಕೌಂಟರ್ ಖಾಲಿ ಬೀಳುವುದು ಪರೀಕ್ಷೆಯಿಂದಲ್ಲ, ಪರೀಕ್ಷೆಯ ಸುದ್ದಿ ತಡವಾಗಿ ಗೊತ್ತಾಗುವುದರಿಂದ.

ಸುದ್ದಿ ಯಾಕೆ ತಡವಾಗುತ್ತದೆ? ‘ಪೇಪರ್ ಐತ್ರಿ’ ಅಂದರೆ ‘ಹಂಗಾರ ಬ್ಯಾರೆಯವರನ್ನ ನೋಡ್ತೀನಿ ತಗೋ’ ಅನ್ನುವ ಉತ್ತರ ಬರಬಹುದೆಂಬ ಹೆದರಿಕೆಯಿಂದ. ಹಾಗಾಗಿ ಕೊನೇ ದಿನದವರೆಗೂ ಬಾಯಿ ಬಿಡುವುದಿಲ್ಲ. ಪರೀಕ್ಷೆಗೆ ರಜೆ ತೆಗೆದುಕೊಂಡರೆ ಕೆಲಸ ಹೋಗುವುದಿಲ್ಲ ಎಂಬ ಮಾತನ್ನು ಸೇರಿಸಿಕೊಳ್ಳುವ ದಿನವೇ ಹೇಳಬೇಕು. ಪರೀಕ್ಷಾ ಶುಲ್ಕ ಕಟ್ಟುವ ಹೊತ್ತಿಗೇ ಪಗಾರ ಕಡಿಮೆಯಾದರೆ ಅವರಿಗೂ ಕಷ್ಟ. ತಪ್ಪಿದ ತಾಸುಗಳನ್ನು ಸೆಮಿಸ್ಟರ್ ರಜೆಯಲ್ಲಿ ತುಂಬಿಕೊಡಲು ಬಿಟ್ಟರೆ ಮುಚ್ಚಿಡುವ ಕಾರಣವೇ ಉಳಿಯುವುದಿಲ್ಲ.

ಎರಡನೆಯದು, ಕೇಳಬೇಕಾದದ್ದು ತರಗತಿಯ ವೇಳಾಪಟ್ಟಿಯನ್ನಲ್ಲ, ಅವರವರ ಹಾಲ್ ಟಿಕೆಟ್ ಅನ್ನು. ಹಳೇ ಸೆಮಿಸ್ಟರಿನ ಬಾಕಿ ವಿಷಯ ಇದ್ದವರಿಗೆ ತರಗತಿಯ ಪಟ್ಟಿಯಲ್ಲಿಲ್ಲದ ದಿನವೂ ಪೇಪರ್ ಇರುತ್ತದೆ. ಬ್ಯಾಕ್‌ಲಾಗ್ ಇದೆ ಅಂತ ಹೇಳಲು ನಾಚುತ್ತಾರೆ. ನಮ್ಮ ಭಾಗದಲ್ಲಿ ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವೂ ಇದೆ, ಜಮಖಂಡಿಯಲ್ಲಿ ಬಾಗಲಕೋಟೆ ವಿಶ್ವವಿದ್ಯಾಲಯವೂ ಬಂದಿದೆ, ಡಿಪ್ಲೊಮಾದವರ ಪಟ್ಟಿಯೇ ಬೇರೆ. ಒಬ್ಬರ ಪಟ್ಟಿ ನೋಡಿ ಎಲ್ಲರದ್ದೂ ಇಷ್ಟೇ ಅಂದುಕೊಳ್ಳುವಂತಿಲ್ಲ.

ಈಗ ಒಂದು ಉದಾಹರಣೆ ಹಾಕಿ ನೋಡೋಣ. ಸಂಜೆ 4ರಿಂದ 8.30ರವರೆಗೆ ಅಂಗಡಿಯಲ್ಲಿ ಕನಿಷ್ಠ ನಾಲ್ಕು ಜನ ಬೇಕು. ಇಬ್ಬರು ಕಾಯಂ, ಉಳಿದ ಇಬ್ಬರು ನಾಲ್ವರು ವಿದ್ಯಾರ್ಥಿಗಳಿಂದ ಬರಬೇಕು. ಆ ನಾಲ್ವರಲ್ಲಿ ಇಬ್ಬರು ಬಿ.ಕಾಂ. ಒಂದೇ ತರಗತಿ, ಒಬ್ಬಳು ಬಿ.ಎ., ಒಬ್ಬ ಡಿಪ್ಲೊಮಾ. ಬಿ.ಕಾಂ. ಪೇಪರ್‌ಗಳು ಸೋಮ, ಬುಧ, ಶುಕ್ರ, ಮರುವಾರದ ಸೋಮ, ಬುಧ. ಬಿ.ಎ. ಪೇಪರ್‌ಗಳು ಮಂಗಳ, ಗುರು, ಶನಿ, ಮರುವಾರದ ಮಂಗಳ, ಗುರು. ಎಲ್ಲವೂ ಬೆಳಿಗ್ಗೆ.

ಬೆಳಗಿನ ಪೇಪರ್ ಇದ್ದರೆ ಅಂಗಡಿಗೆ ತಪ್ಪುವುದು ಅದರ ಹಿಂದಿನ ಸಂಜೆ, ಅದೇ ದಿನದ ಸಂಜೆ ಅಲ್ಲ. ಆದ್ದರಿಂದ ಬಿ.ಕಾಂ.ನವರಿಗೆ ಭಾನುವಾರ, ಮಂಗಳವಾರ, ಗುರುವಾರ ರಜೆ, ಬಿ.ಎ. ಹುಡುಗಿಗೆ ಸೋಮವಾರ, ಬುಧವಾರ, ಶುಕ್ರವಾರ ರಜೆ. ಪ್ರತಿ ಸಂಜೆ ಕನಿಷ್ಠ ಇಬ್ಬರು ಸಿಗುತ್ತಾರೆ. ನಾಲ್ವರೂ ಒಂದೇ ತರಗತಿಯವರಾಗಿದ್ದರೆ ವಾರಕ್ಕೆ ಮೂರು ಸಂಜೆ ಒಬ್ಬರೂ ಸಿಗುತ್ತಿರಲಿಲ್ಲ. ಗೆಳೆಯರ ಗುಂಪನ್ನೇ ಒಟ್ಟಿಗೆ ಸೇರಿಸಿಕೊಂಡರೆ ಆಗುವುದು ಇದೇ.

ಇಷ್ಟರಲ್ಲಿ ಬಿ.ಕಾಂ.ನ ಮೊದಲ ಬುಧವಾರದ ಪೇಪರ್ ಮುಂದಕ್ಕೆ ಹೋಯಿತು ಅನ್ನಿ. 2021ರ ಏಪ್ರಿಲ್ 7ರಂದು ಸಾರಿಗೆ ನೌಕರರ ಮುಷ್ಕರ ಶುರುವಾದಾಗ ಹಲವು ವಿಶ್ವವಿದ್ಯಾಲಯಗಳು ಪರೀಕ್ಷೆ ಮುಂದೂಡಿದ್ದವು. ಬಸ್ ಇಲ್ಲದೆ ಹಳ್ಳಿಯ ಮಕ್ಕಳು ಪರೀಕ್ಷಾ ಕೇಂದ್ರಕ್ಕೆ ಬರುವುದಾದರೂ ಹೇಗೆ? ಹೀಗಾದಾಗ ‘ನಾಳೆ ಪೇಪರ್ ಇಲ್ಲಲ್ಲ, ಬಾ’ ಎಂದು ಕರೆಯುವ ಆಸೆ ಆಗುತ್ತದೆ. ಆದರೆ ನೋಡಬೇಕಾದದ್ದು ಬಿಡುವಾದ ದಿನವನ್ನಲ್ಲ, ಪಟ್ಟಿಯ ಬಾಲವನ್ನು. ಮುಂದೂಡಿದ ಪೇಪರ್ ಬಹಳ ಸಲ ಕೊನೆಗೆ ಹೋಗಿ ಸೇರಿಕೊಳ್ಳುತ್ತದೆ. ಇಲ್ಲಿ ಅದು ಎರಡನೇ ಶನಿವಾರಕ್ಕೆ ಬಂತು. ಅಂದರೆ ಹಿಂದಿನ ಶುಕ್ರವಾರ ಸಂಜೆ ಬಿ.ಕಾಂ.ನ ಇಬ್ಬರೂ ಇಲ್ಲ. ಅದೇ ಶುಕ್ರವಾರ ಡಿಪ್ಲೊಮಾ ಹುಡುಗನಿಗೆ ಸಂಜೆ 5ರವರೆಗೆ ಪ್ರಾಕ್ಟಿಕಲ್. ಉಳಿದವಳು ಒಬ್ಬಳೇ.

ಇದಕ್ಕೆ ಮದ್ದು ಸಂಜೆಯ ಪಾಳಿಯನ್ನು ಒಡೆಯುವುದು: 4ರಿಂದ 6, 6ರಿಂದ 8.30. ನಮ್ಮಲ್ಲಿ ಗಿರಾಕಿಗಳ ಗದ್ದಲ 6ರ ನಂತರ. ಪ್ರಾಕ್ಟಿಕಲ್ ಮುಗಿಸಿದವನು 6ಕ್ಕೆ ಬಂದರೆ ಸಾಕು, ಅಲ್ಲಿಯವರೆಗೆ ಮೂವರೇ ನಡೆಸಬಹುದು. ಆದರೆ ಆ ದಿನ ಕಾಯಂನವರಲ್ಲಿ ಒಬ್ಬರು ರಜೆ ಹಾಕಿದ್ದರೆ ಲೆಕ್ಕ ಕೆಡುತ್ತದೆ. ಅದಕ್ಕೇ ಕೊನೇ ಪೇಪರ್ ಆದ ಮೇಲೆ ಇನ್ನೂ ಒಂದು ವಾರ ಕಾಯಂನವರ ರಜೆ ಒಪ್ಪಿಕೊಳ್ಳಬಾರದು, ಆ ವಾರ ವಿದ್ಯಾರ್ಥಿಗಳ ಪೂರ್ತಿ ಪಾಳಿಯನ್ನೂ ನಂಬಬಾರದು.

ಮದುವೆ ಸೀಸನ್ನಿನ ನಡುವೆಯೇ ಪರೀಕ್ಷೆ ಬಿದ್ದರೆ ಇಷ್ಟೂ ಸಾಲದು. ಆಗ ಓದು ಮುಗಿಸಿದ ಹಳೇ ಹುಡುಗರನ್ನು ದಿನದ ಲೆಕ್ಕದಲ್ಲಿ ಕರೆಯಬೇಕು, ಅದಕ್ಕೊಂದಿಷ್ಟು ಹೆಚ್ಚು ಖರ್ಚು ಬರುತ್ತದೆ. ಆ ಖರ್ಚು ಅಂಗಡಿಯದು. ಅದನ್ನು ಉಳಿಸಲು ಪೇಪರಿನ ಹಿಂದಿನ ರಾತ್ರಿ 8.30ರವರೆಗೆ ಸೀರೆ ಮಡಿಸಲು ನಿಲ್ಲಿಸಿಕೊಂಡರೆ, ಬೆಲೆ ತೆರುವವಳು ಆ ಹುಡುಗಿ. ಮುಂದಿನ ಸೆಮಿಸ್ಟರಿಗೆ ಅವಳ ಹಾಲ್ ಟಿಕೆಟ್‌ನಲ್ಲಿ ಇನ್ನೊಂದು ವಿಷಯ ಹೆಚ್ಚಾಗುತ್ತದೆ, ನಮ್ಮ ಪಾಳಿಯ ಪಟ್ಟಿಯಲ್ಲಿ ಇನ್ನೊಂದು ಸಂಜೆ ಖಾಲಿಯಾಗುತ್ತದೆ.